ಬ್ಲೌಸ್ ಹೋಯಿತು, ಬಾಕಿ ಉಳಿಯಿತು

ಮದುವೆಯ ಹಿಂದಿನ ಸಂಜೆ ಬ್ಲೌಸ್ ಒಯ್ಯಲು ಟೈಲರ್ ಅಂಗಡಿಗೆ ಬರುವುದು ಸಾಮಾನ್ಯವಾಗಿ ಮದುಮಗಳೂ ಅಲ್ಲ, ಅವಳ ತಾಯಿಯೂ ಅಲ್ಲ. ಬೈಕಿನಲ್ಲಿ ಒಬ್ಬ ಹುಡುಗ ಬರುತ್ತಾನೆ. "ದೊಡ್ಡಮ್ಮ ಛತ್ರದಲ್ಲಿದ್ದಾರೆ. ಬ್ಲೌಸ್ ಎಲ್ಲಾ ಇಸ್ಕೊಂಡು ಬಾ ಅಂದ್ರು" ಅನ್ನುತ್ತಾನೆ. ಬಾಕಿ ಎಂದು ಕೇಳಿದರೆ ಅವನಿಗೆ ಏನೂ ಗೊತ್ತಿಲ್ಲ. "ಆಮೇಲೆ ಫೋನ್‌ಪೇ ಮಾಡ್ತಾರಂತೆ ಆಂಟಿ, ಬೇಗ ಕೊಡಿ, ವರಪೂಜೆ ಶುರುವಾಗುತ್ತೆ." ಆ ಹೊತ್ತಿನಲ್ಲಿ ಮದುಮಗಳ ಬ್ಲೌಸನ್ನು ಹಿಡಿದಿಟ್ಟುಕೊಳ್ಳುವಷ್ಟು ಕಲ್ಲು ಮನಸ್ಸು ಯಾವ ಟೈಲರ್‌ಗೂ ಇರುವುದಿಲ್ಲ. ಕವರಿಗೆ ತುಂಬಿ ಕೊಟ್ಟು ಕಳಿಸುತ್ತಾಳೆ. ತಿಂಗಳುಗಟ್ಟಲೆ ಎಳೆಯುವ ಬಾಕಿಗಳಲ್ಲಿ ಎಷ್ಟೋ ಹುಟ್ಟುವುದು ಹೀಗೆ.

ಸಣ್ಣ ಕೆಲಸ ಮಾಡುವ ಎಲ್ಲರಿಗೂ ಬಾಕಿಯ ಕಾಟ ಇದ್ದದ್ದೇ. ಪೇಂಟರ್, ಪ್ಲಂಬರ್, ಟ್ಯೂಷನ್ ಹೇಳುವವರು, ಮನೆಯಲ್ಲಿ ಹೋಳಿಗೆ ಮಾಡಿಕೊಡುವವರು, ಯಾರೂ ಇದರಿಂದ ಹೊರತಲ್ಲ. ನಾನು ಇಲ್ಲಿ ಹೊಲಿಗೆಯನ್ನೇ ಹಿಡಿದು ಮಾತಾಡುತ್ತೇನೆ. ಮನೆಯ ಮುಂದಿನ ಕೋಣೆಯಲ್ಲೋ ಬಾಡಿಗೆ ಮಳಿಗೆಯಲ್ಲೋ ಮಿಷನ್ ಇಟ್ಟುಕೊಂಡ ಹೆಣ್ಣುಮಕ್ಕಳು ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಅವರ ಗಿರಾಕಿಗಳು ಅದೇ ಬೀದಿಯವರು, ನೆಂಟರು, ಮಕ್ಕಳ ಶಾಲೆಯ ಟೀಚರು. ಹಾಗಾಗಿ ಕೇಳುವುದು ಕಷ್ಟ, ಕೇಳದಿದ್ದರೆ ಬದುಕುವುದು ಕಷ್ಟ. ಕಿರಾಣಿ ಅಂಗಡಿಯವನು "ಇಂದು ನಗದು, ನಾಳೆ ಉದ್ರಿ" ಎಂದು ಬೋರ್ಡು ಹಾಕಿ ಸುಮ್ಮನಾಗಬಹುದು. ಅವನ ಸಾಮಾನು ಅಲ್ಲೇ ಇರುತ್ತದೆ, ದುಡ್ಡು ಕೊಟ್ಟರೆ ಮಾತ್ರ ಹೋಗುತ್ತದೆ. ಹೊಲಿಗೆಯಲ್ಲಿ ಬಟ್ಟೆ ಗಿರಾಕಿಯದು, ಸೇರಿದ್ದು ಟೈಲರಿನ ದುಡಿಮೆ. ಒಮ್ಮೆ ಸೇರಿದ ದುಡಿಮೆಯನ್ನು ಬಿಚ್ಚಿ ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ.

ಒಂದು ಮದುವೆ ಆರ್ಡರಿನ ಲೆಕ್ಕವನ್ನು ಬಿಡಿಸಿ ನೋಡೋಣ. ದರಗಳು ಊರಿಂದ ಊರಿಗೆ ಬೇರೆ, ಬೆಂಗಳೂರಿನ ದರಕ್ಕೂ ತಾಲ್ಲೂಕು ಕೇಂದ್ರದ ದರಕ್ಕೂ ಅಜಗಜಾಂತರ. ಮಂಡ್ಯ, ತುಮಕೂರು ಕಡೆಯ ಒಂದು ಸಣ್ಣ ಪಟ್ಟಣದ ಟೈಲರ್ ಎಂದಿಟ್ಟುಕೊಳ್ಳಿ. ಧಾರೆ ಸೀರೆಯ ಬ್ಲೌಸಿಗೆ ಆರಿ ವರ್ಕ್, ಹೊಲಿಗೆ ಎಲ್ಲ ಸೇರಿ 4,500 ರೂಪಾಯಿ. ತಾಯಿ, ಅತ್ತಿಗೆ, ತಂಗಿಯರಿಗೆ ನಾಲ್ಕು ಲೈನಿಂಗ್ ಬ್ಲೌಸು, ಒಂದಕ್ಕೆ 500ರಂತೆ 2,000. ಮೂರು ಸೀರೆಗೆ ಕುಚ್ಚು, ತಲಾ 400ರಂತೆ 1,200. ಅವೇ ಮೂರಕ್ಕೆ ಫಾಲ್ಸು, ಝಿಗ್‌ಝ್ಯಾಗು 300. ಒಟ್ಟು 8,000.

ಈಗ ಅವಳ ಕೈಯಿಂದ ಹೋಗುವುದನ್ನು ನೋಡಿ. ಆರಿ ಕೆಲಸವನ್ನು ಅವಳು ತಾನೇ ಮಾಡುವುದಿಲ್ಲ. ಫ್ರೇಮಿಗೆ ಬಟ್ಟೆ ಬಿಗಿದು ದಿನವಿಡೀ ಕೂತು ಮಣಿ ಪೋಣಿಸುವ ಕೆಲಸಗಾರರು ಬೇರೆ, ಅವರಿಗೆ ಕೆಲಸ ಮುಗಿದ ದಿನವೇ ದುಡ್ಡು ಕೊಡಬೇಕು. ಮಣಿ, ಜರ್ದೋಸಿ, ನೂಲು ಸೇರಿ ಅಲ್ಲಿಗೆ 2,700. ಐದು ಬ್ಲೌಸಿನ ಲೈನಿಂಗ್ ಬಟ್ಟೆಗೆ 400. ಕುಚ್ಚು ಕಟ್ಟುವುದು ಪಕ್ಕದ ಬೀದಿಯ ಇನ್ನೊಬ್ಬ ಹೆಂಗಸು, ರೇಷ್ಮೆ ದಾರವೂ ಸೇರಿ ಅವರಿಗೆ 600. ಫಾಲ್ಸಿನ ಬಟ್ಟೆಗೆ 120, ಹುಕ್ಕು, ದಾರ, ಪ್ಯಾಡಿಗೆ 80. ಕೂಡಿದರೆ 3,900. ಉಳಿಯುವ 4,100 ರೂಪಾಯಿ ಅವಳ ಸ್ವಂತ ದುಡಿಮೆಯ ಬೆಲೆ. ಕರೆಂಟು, ಬಾಡಿಗೆ, ಮಿಷನ್ ರಿಪೇರಿ ಎಲ್ಲ ಅದರಲ್ಲೇ.

ಇಂಥ ಆರ್ಡರಿಗೆ ರೂಢಿಯಲ್ಲಿ ಸಿಗುವ ಅಡ್ವಾನ್ಸ್ ಸಾವಿರ ರೂಪಾಯಿ. ಮದುವೆ ಮುಗಿದ ವಾರದಲ್ಲಿ ಆ ತಾಯಿ ಇನ್ನೊಂದು 3,000 ಫೋನ್‌ಪೇ ಮಾಡುತ್ತಾರೆ, "ಉಳಿದಿದ್ದು ಮುಂದಿನ ತಿಂಗಳು ಕೊಡ್ತೀನಿ ಕಣಮ್ಮ" ಅನ್ನುತ್ತಾರೆ. ಅವರ ದೃಷ್ಟಿಯಲ್ಲಿ ಅವರು ಅರ್ಧ ತೀರಿಸಿದ್ದಾರೆ, ಮನಸ್ಸಿಗೆ ನಿರಾಳ. ಟೈಲರಿನ ಕಡೆಯಿಂದ ನೋಡಿದರೆ ಬಂದದ್ದು 4,000, ಹೋದದ್ದು 3,900. ಐದು ಬ್ಲೌಸು ಹೊಲಿದು, ಮೂರು ಸೀರೆ ಸಿದ್ಧಪಡಿಸಿ, ರಾತ್ರಿ ಹನ್ನೊಂದರವರೆಗೆ ಹೆಮ್ಮಿಂಗ್ ಮಾಡಿದ್ದಕ್ಕೆ ಈವರೆಗೆ ಸಿಕ್ಕಿರುವುದು ನೂರು ರೂಪಾಯಿ. ಸಣ್ಣ ಕೆಲಸದಲ್ಲಿ ಗಿರಾಕಿ ಕೊನೆಗೆ ಉಳಿಸಿಕೊಳ್ಳುವ ಹಣ ಯಾವಾಗಲೂ ಕೂಲಿಯ ಹಣವೇ ಆಗಿರುತ್ತದೆ, ಸಾಮಾನಿನದಲ್ಲ. ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಇದು ಹೊಳೆಯುವುದೇ ಇಲ್ಲ. ಬಾಕಿ ಉಳಿಸುವವರೆಲ್ಲ ಕೆಟ್ಟವರಲ್ಲ, ಅವರಿಗೆ ಈ ಲೆಕ್ಕವನ್ನು ಯಾರೂ ತೋರಿಸಿಲ್ಲ.

ಆದ್ದರಿಂದ ಅಡ್ವಾನ್ಸ್ ಎಷ್ಟು ಕೇಳಬೇಕು ಎಂಬುದಕ್ಕೆ ನನ್ನ ಉತ್ತರ ಇದು: ಕೆಲಸ ಮುಗಿಯುವ ಮೊದಲು ನಿಮ್ಮ ಜೇಬಿನಿಂದ ಎಷ್ಟು ಹೋಗುತ್ತದೋ ಅಷ್ಟು. ಕಾಲು ಭಾಗ, ಅರ್ಧ ಭಾಗ ಎಂಬ ಒಂದೇ ಸೂತ್ರ ಎಲ್ಲಕ್ಕೂ ಹೊಂದುವುದಿಲ್ಲ. ಮೇಲಿನ ಆರ್ಡರಿಗೆ ಅದು 3,900, ಅಂದರೆ 4,000. ಬರೀ ಒಂದು ಲೈನಿಂಗ್ ಬ್ಲೌಸಾದರೆ ನೂರು, ನೂರೈವತ್ತು ಸಾಕು. ಹಳೆಯ ಬ್ಲೌಸಿನ ಪಕ್ಕ ಬಿಚ್ಚಿ ಹೊಲಿಯುವಂಥ ಆಲ್ಟರೇಶನ್ನಿಗೆ ಅಡ್ವಾನ್ಸೇ ಬೇಡ, ಅದಕ್ಕೆ ನಿಂತ ಕಾಲಲ್ಲೇ ದುಡ್ಡು. ಈ ರೀತಿ ಕೇಳುವುದರಲ್ಲಿ ಒಂದು ಅನುಕೂಲವೂ ಇದೆ. ಯಾಕೆ ಎಂದು ಗಿರಾಕಿ ಕೇಳಿದರೆ ಹೇಳಲು ಉತ್ತರ ಇರುತ್ತದೆ. ಎದುರಿಗಿರುವವರ ಮೇಲೆ ಅನುಮಾನ ಪಟ್ಟಂತೆಯೂ ಆಗುವುದಿಲ್ಲ.

ಕೇಳುವ ಹೊತ್ತು ಮಾತ್ರ ತಪ್ಪಬಾರದು. ಅಳತೆ ಟೇಪು ಕೈಗೆತ್ತಿಕೊಳ್ಳುವ ಮೊದಲು ಒಟ್ಟು ಮೊತ್ತ ಮತ್ತು ಅಡ್ವಾನ್ಸ್ ಎರಡನ್ನೂ ಹೇಳಿಬಿಡಬೇಕು. ಅಳತೆ ತೆಗೆದು, ಡಿಸೈನ್ ಬುಕ್ಕು ತಿರುವಿ, ಕತ್ತಿನ ಆಳ ಎಷ್ಟು, ತೋಳು ಎಷ್ಟುದ್ದ ಎಂದು ಅರ್ಧ ಗಂಟೆ ಮಾತಾಡಿ, ಗಿರಾಕಿ ಚಪ್ಪಲಿ ಹಾಕಿಕೊಳ್ಳುವಾಗ "ಅಕ್ಕಾ, ಅಡ್ವಾನ್ಸ್..." ಎಂದು ರಾಗ ಎಳೆದರೆ ಐನೂರು ಸಿಕ್ಕರೆ ಹೆಚ್ಚು. ಮೊದಲೇ ಹೇಳುವಾಗ ಮಾತು ಹೀಗಿರಲಿ: "ಅಕ್ಕಾ, ಎಲ್ಲಾ ಸೇರಿ ಎಂಟು ಸಾವಿರ ಆಗುತ್ತೆ. ಆರಿ ವರ್ಕ್‌ನವರಿಗೆ, ಕುಚ್ಚು ಕಟ್ಟೋರಿಗೆ ನಾನು ಕೈಯಿಂದ ಕೊಡಬೇಕು. ಈಗ ನಾಲ್ಕು ಸಾವಿರ ಕೊಟ್ರೆ ನಾಳೆನೇ ಫ್ರೇಮಿಗೆ ಹಾಕಿಸ್ತೀನಿ. ಟ್ರಯಲ್‌ಗೆ ಬಂದಾಗ ಎರಡು, ತಗೊಂಡು ಹೋಗೋವಾಗ ಎರಡು." ಇಷ್ಟು ಹೇಳಿ ಸುಮ್ಮನಾಗಬೇಕು. ನಮ್ಮ ಹೆಣ್ಣುಮಕ್ಕಳು ಎಡವುವುದು ಇಲ್ಲೇ. ಎದುರಿನವರು ಒಂದು ಕ್ಷಣ ಯೋಚಿಸಿದರೆ ಸಾಕು, ತಾವೇ ಮಾತು ಮುಂದುವರಿಸಿ, "ಇಲ್ಲಾಂದ್ರೆ ಈಗ ಎರಡು ಸಾವಿರ ಕೊಡಿ ಪರವಾಗಿಲ್ಲ" ಎಂದು ಇಳಿದುಬಿಡುತ್ತಾರೆ. ಯೋಚಿಸುವವರನ್ನು ಯೋಚಿಸಲು ಬಿಡಬೇಕು. ಅವರು ಲೆಕ್ಕ ಹಾಕುತ್ತಿರಬಹುದು, ಗಂಡನಿಗೆ ಫೋನ್ ಮಾಡಬೇಕಿರಬಹುದು.

"ಎಷ್ಟಾಗುತ್ತೆ?" ಎಂದರೆ "ನೀವೇ ನೋಡ್ಕೊಂಡು ಕೊಡಿ ಅಕ್ಕಾ" ಅನ್ನುವ ಅಭ್ಯಾಸವಂತೂ ಬಿಡಲೇಬೇಕು. ಅದು ಸೌಜನ್ಯದ ಮಾತು ಎಂದು ನಮಗೆ ಅನ್ನಿಸುತ್ತದೆ. ಆದರೆ ಬೆಲೆ ಇಷ್ಟು ಎಂದು ಗೊತ್ತಾಗದ ಕೆಲಸಕ್ಕೆ ಬಾಕಿ ಇಷ್ಟು ಎಂದೂ ಗೊತ್ತಾಗುವುದಿಲ್ಲ. ಗಿರಾಕಿ ತನ್ನ ಮನಸ್ಸಿನಲ್ಲಿ 6,000 ಎಂದುಕೊಂಡಿರುತ್ತಾರೆ, ಟೈಲರ್ 8,000 ಎಂದುಕೊಂಡಿರುತ್ತಾಳೆ, ಆ ಎರಡು ಸಾವಿರ ಕೊನೆಯವರೆಗೂ ಯಾರದೂ ಆಗದೆ ಉಳಿಯುತ್ತದೆ.

ಬರೆದಿಡುವ ವಿಷಯಕ್ಕೆ ಬರೋಣ. ಹಳೆಯ ಟೈಲರುಗಳ ಬಿಲ್ ಬುಕ್ ನೋಡಿದ್ದೀರಾ? ಕಾರ್ಬನ್ ಇಟ್ಟು ಬರೆದ ಪ್ರತಿ. ಎಡಗಡೆ ಮೂಲೆಯಲ್ಲಿ ಗಿರಾಕಿಯ ಬಟ್ಟೆಯದೇ ಒಂದು ಚೂರು, ಬೆರಳಗಲದ್ದು, ಸ್ಟೇಪ್ಲರ್ ಪಿನ್ನು ಹೊಡೆದು ಸೇರಿಸಿರುತ್ತಾರೆ. ಬಲಗಡೆ ಅಳತೆಗಳು, ಕೆಳಗೆ ಒಟ್ಟು, ಅಡ್ವಾನ್ಸ್, ಬಾಕಿ, ಕೊಡುವ ತಾರೀಖು. ಆ ಚೂರು ಇರುವುದು ಬಟ್ಟೆ ಅದಲುಬದಲಾಗದಿರಲಿ ಎಂದು. ಆದರೆ ವರ್ಷ ಕಳೆದ ಮೇಲೂ "ಆ ಹಸಿರು ಬ್ಲೌಸು ನಾನು ಕೊಟ್ಟೇ ಇಲ್ಲ" ಎಂಬ ಮಾತಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇಂದಿಗೂ ಇದೇ ಪದ್ಧತಿ ಸಾಕು, ಜೊತೆಗೆ ಒಂದು ಕೆಲಸ ಸೇರಿಸಬೇಕು. ಬಿಲ್ಲಿನ ಫೋಟೋ ತೆಗೆದು ಗಿರಾಕಿಯ ವಾಟ್ಸಾಪಿಗೆ ಕಳಿಸಿ, ಕೆಳಗೆ ಒಂದು ಸಾಲು ಬರೆಯಬೇಕು: "ಒಟ್ಟು 8,000, ಅಡ್ವಾನ್ಸ್ 4,000 ಬಂದಿದೆ, ಬಾಕಿ 4,000." ಅವರು "ಸರಿ" ಎಂದೋ ಹೆಬ್ಬೆರಳ ಚಿತ್ರವನ್ನೋ ಹಾಕಿದರೆ ಲೆಕ್ಕ ಇಬ್ಬರಿಗೂ ಒಂದೇ ಆಯಿತು. ನಗದು ಕೊಟ್ಟಿದ್ದರೆ ಈ ಸಾಲು ಇನ್ನೂ ಮುಖ್ಯ, ಯಾಕೆಂದರೆ ನಗದಿಗೆ ಬೇರೆ ಗುರುತೇ ಇಲ್ಲ.

ಅಡ್ವಾನ್ಸ್ ಇಸ್ಕೊಂಡ ಮೇಲೆ ಟೈಲರಿನ ಮೇಲೂ ಒಂದು ಹೊಣೆ ಬೀಳುತ್ತದೆ. ಹೇಳಿದ ತಾರೀಖಿಗೆ ಕೊಡಬೇಕು. ಮೂರು ಸಲ "ನಾಳೆ ಬನ್ನಿ" ಅನ್ನಿಸಿಕೊಂಡ ಗಿರಾಕಿ ಬಾಕಿ ಕೊಡಲು ತಾನೂ ಮೂರು ಸಲ ನಾಳೆ ಅನ್ನುತ್ತಾರೆ, ಆಗ ಕೇಳಲು ನಮಗೆ ಬಾಯಿ ಇರುವುದಿಲ್ಲ. ಆರ್ಡರ್ ರದ್ದಾದರೆ ಏನು ಎಂಬುದನ್ನೂ ಮೊದಲೇ ಹೇಳಿರುವುದು ಒಳ್ಳೆಯದು. ಕತ್ತರಿ ಹಾಕುವ ಮೊದಲು ಬೇಡ ಎಂದರೆ ಪೂರ್ತಿ ವಾಪಸ್, ಕತ್ತರಿಸಿದ ಮೇಲೆ, ಆರಿ ಕೆಲಸಕ್ಕೆ ಕೊಟ್ಟ ಮೇಲೆ, ಆದ ಖರ್ಚು ಕಳೆದು ವಾಪಸ್. ಬಿಲ್ಲಿನ ಕೆಳಗೆ ಇಷ್ಟನ್ನು ಅಚ್ಚು ಹಾಕಿಸಿದರೆ ಬಾಯಲ್ಲಿ ಹೇಳುವ ಮುಜುಗರವೂ ತಪ್ಪುತ್ತದೆ.

ಟ್ರಯಲ್ ದಿನದ ಕಂತಿಗೆ ನಾನು ತುಂಬ ಬೆಲೆ ಕೊಡುತ್ತೇನೆ. ಮದುವೆಗೆ ಐದಾರು ದಿನ ಇರುವಾಗ ಮದುಮಗಳು ಬಂದು ಕನ್ನಡಿ ಮುಂದೆ ನಿಂತು ಆರಿ ಬ್ಲೌಸು ಹಾಕಿ ನೋಡುತ್ತಾಳೆ. ಕೆಲಸ ಕಣ್ಣಿಗೆ ಕಾಣುತ್ತದೆ, ತಾಯಿಯೂ ಜೊತೆಗಿರುತ್ತಾರೆ, ಮನೆಯಲ್ಲಿ ಇನ್ನೂ ಗಡಿಬಿಡಿ ಮಿತಿಮೀರಿರುವುದಿಲ್ಲ. ಆರ್ಡರಿನ ದಿನ 4,000, ಅವತ್ತು 2,000 ಬಂದರೆ ಕೊನೆಗೆ ಉಳಿಯುವುದು 2,000 ಮಾತ್ರ. ಅದು ಕೂಡ ಹುಡುಗ ಬೈಕಿನಲ್ಲಿ ಬರುವ ಮೊದಲೇ ಬರಬೇಕಾದರೆ ಟೈಲರೇ ಮುಂದಾಗಿ ಆ ದಿನ ಬೆಳಿಗ್ಗೆ ಫೋನ್ ಮಾಡಬೇಕು. "ಅಕ್ಕಾ, ಎಲ್ಲಾ ಇಸ್ತ್ರಿ ಮಾಡಿ ಕವರಿಗೆ ಹಾಕಿದೀನಿ. ಎರಡು ಸಾವಿರ ಬಾಕಿ ಇದೆ, ಫೋನ್‌ಪೇ ಮಾಡಿ ಯಾರನ್ನಾದ್ರೂ ಕಳಿಸಿ." ಸಂಜೆಯ ಗದ್ದಲದಲ್ಲಿ ಆಗದ ಕೆಲಸ ಬೆಳಿಗ್ಗೆ ಎರಡು ನಿಮಿಷದಲ್ಲಿ ಆಗಿಬಿಡುತ್ತದೆ. ಹಣ ಬಂದಿದೆಯೋ ಇಲ್ಲವೋ ಎಂಬುದನ್ನು ನಿಮ್ಮದೇ ಆ್ಯಪಿನಲ್ಲೋ ಬ್ಯಾಂಕಿನ ಮೆಸೇಜಿನಲ್ಲೋ ನೋಡಿಕೊಳ್ಳಿ. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬಿ ಕವರು ಕೊಡಬೇಡಿ. ಮೋಸವೇ ಇರಬೇಕೆಂದಿಲ್ಲ, ಪೇಮೆಂಟು ಪೆಂಡಿಂಗ್ ಎಂದು ನಿಂತು, ಮತ್ತೆ ಅವರ ಖಾತೆಗೇ ಮರಳಿರಬಹುದು.

ದುಡ್ಡು ಬರುವವರೆಗೆ ಬಟ್ಟೆ ಕೊಡುವುದಿಲ್ಲ ಅನ್ನಲು ಟೈಲರಿಗೆ ಹಕ್ಕಿದೆಯೇ? ಇದೆ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಸೆಕ್ಷನ್ ಹೇಳುವುದು ಅದನ್ನೇ. ಒಬ್ಬರು ಒಪ್ಪಿಸಿದ ವಸ್ತುವಿನ ಮೇಲೆ ಇನ್ನೊಬ್ಬರು ಶ್ರಮ ಅಥವಾ ಕೌಶಲ ಹಾಕಿ ಕೆಲಸ ಮಾಡಿದ್ದರೆ, ಅದರ ಕೂಲಿ ಸಂದಾಯವಾಗುವವರೆಗೆ ಆ ವಸ್ತುವನ್ನು ತಮ್ಮಲ್ಲೇ ಇಟ್ಟುಕೊಳ್ಳಬಹುದು. ನನಗೆ ತುಂಬ ಮುಖ್ಯವಾಗಿ ಕಂಡದ್ದು ಆ ಸೆಕ್ಷನ್ನಿನ ಜೊತೆಗಿರುವ ಉದಾಹರಣೆ, ಅದು ಟೈಲರಿನದೇ. ಒಬ್ಬರು ಕೋಟು ಹೊಲಿಯಲು ಬಟ್ಟೆ ಕೊಡುತ್ತಾರೆ. ಹೊಲಿದ ಕೂಡಲೇ ಕೋಟು ಕೊಡುತ್ತೇನೆ, ಕೂಲಿಗೆ ಮೂರು ತಿಂಗಳ ಅವಧಿ ಕೊಡುತ್ತೇನೆ ಎಂದು ಟೈಲರ್ ಒಪ್ಪುತ್ತಾನೆ. ಹಾಗೆ ಒಪ್ಪಿದ್ದರೆ ಕೋಟನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಅವನಿಗಿಲ್ಲ ಎನ್ನುತ್ತದೆ ಕಾಯ್ದೆ. ನಮ್ಮ ಬೀದಿಯ ಟೈಲರು "ಪರವಾಗಿಲ್ಲ ಅಕ್ಕಾ, ಸಂಬಳ ಆದ್ಮೇಲೆ ಕೊಡಿ" ಎಂದು ಒಪ್ಪಿಕೊಂಡಾಗ ಅವಳು ಕಳೆದುಕೊಳ್ಳುವುದು ಈ ಹಕ್ಕನ್ನೇ. ಅವಧಿ ಕೊಡುವುದು ತಪ್ಪಲ್ಲ, ಆದರೆ ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂದು ಗೊತ್ತಿದ್ದು ಕೊಡಬೇಕು.

ಈ ಹಕ್ಕಿಗೆ ಇನ್ನೆರಡು ಮಿತಿಗಳಿವೆ. ಬಟ್ಟೆ ಒಮ್ಮೆ ಗಿರಾಕಿಯ ಕೈಸೇರಿದರೆ ಅದು ಮುಗಿಯಿತು. ಮತ್ತೆ, ಯಾವ ಬಟ್ಟೆಯ ಮೇಲೆ ಕೆಲಸ ಮಾಡಿದ್ದೀರೋ ಆ ಬಟ್ಟೆಗೆ ಮಾತ್ರ ಅದು ಅನ್ವಯ. ಹೋದ ವರ್ಷದ ಬಾಕಿಗಾಗಿ ಈ ವರ್ಷ ಫಾಲ್ಸ್ ಹಾಕಲು ಕೊಟ್ಟ ಸೀರೆಯನ್ನು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಹಾಗೆ ಮಾಡಿ ರಂಪಾಟವಾದ ಪ್ರಸಂಗಗಳುಂಟು. ಹಳೆಯ ಬಾಕಿಯ ಮಾತನ್ನು ಹೊಸ ಸೀರೆ ಇಸ್ಕೊಳ್ಳುವ ಮೊದಲೇ ಎತ್ತಬೇಕು.

ಇಷ್ಟೆಲ್ಲ ಮಾಡಿಯೂ ಬಾಕಿ ಉಳಿಯಿತು ಎಂದುಕೊಳ್ಳಿ. ಮದುವೆ ಭಾನುವಾರ ಮುಗಿಯಿತು, 2,000 ಬರಲಿಲ್ಲ. ಮೊದಲ ನೆನಪು ಯಾವಾಗ? ಬೀಗರ ಊಟ ಮುಗಿದು ಮನೆಯವರು ಉಸಿರು ಬಿಡಲು ಎರಡು ಮೂರು ದಿನ ಬಿಟ್ಟು, ಅದೇ ವಾರದೊಳಗೆ. ಒಂದು ತಿಂಗಳು ಬಿಟ್ಟು ಕೇಳುವುದು ಮರ್ಯಾದೆ ಎಂದು ಹಲವರು ತಿಳಿದಿದ್ದಾರೆ. ನಿಜಕ್ಕೂ ತಿಂಗಳು ಕಳೆದ ಮೇಲೆ ಕೇಳುವುದೇ ಇಬ್ಬರಿಗೂ ಮುಜುಗರ, ಅಷ್ಟರಲ್ಲಿ ಗಿರಾಕಿಯ ಮನಸ್ಸಿನಲ್ಲಿ ಮದುವೆಯ ಖರ್ಚಿನ ಪಟ್ಟಿ ಮುಗಿದುಹೋಗಿರುತ್ತದೆ. ವಾಟ್ಸಾಪಿನಲ್ಲಿ ಹೀಗೆ ಬರೆಯಬಹುದು: "ನಮಸ್ತೆ ಅಕ್ಕಾ. ಮದುವೆ ಫೋಟೋ ನೋಡಿದೆ, ಧಾರೆ ಸೀರೆಗೆ ಬ್ಲೌಸು ತುಂಬಾ ಚೆನ್ನಾಗಿ ಒಪ್ಪಿದೆ. ಎಲ್ಲರಿಗೂ ಫಿಟ್ಟಿಂಗ್ ಸರಿಯಾಯ್ತಾ? ಬಿಲ್ಲಿನಲ್ಲಿ 2,000 ಬಾಕಿ ಇದೆ, ಶನಿವಾರದೊಳಗೆ ಇದೇ ನಂಬರಿಗೆ ಹಾಕಿಬಿಡಿ." ಜೊತೆಗೆ ಅದೇ ಹಳೆಯ ಬಿಲ್ಲಿನ ಫೋಟೋ. ಅಷ್ಟೇ.

ಈ ನಾಲ್ಕು ಸಾಲಿನಲ್ಲಿ ಫಿಟ್ಟಿಂಗ್ ಬಗ್ಗೆ ಕೇಳಿದ್ದು ಬರೀ ಉಪಚಾರಕ್ಕಲ್ಲ. ಬಾಕಿ ಕೊಡದೆ ಸುಮ್ಮನಿರುವವರಲ್ಲಿ ಒಂದು ಗುಂಪು ಕೆಲಸ ಇಷ್ಟವಾಗದವರದು. ಅತ್ತಿಗೆಯ ಬ್ಲೌಸಿನ ತೋಳು ಬಿಗಿಯಾಗಿತ್ತು, ಒಂದು ಸೀರೆಯ ಕುಚ್ಚಿನ ಬಣ್ಣ ಹೊಂದಲಿಲ್ಲ. ಅದನ್ನು ಮುಖಕ್ಕೆ ಹೇಳಲು ಸಂಕೋಚ. ಹೇಳದೆ ದುಡ್ಡನ್ನು ನಿಲ್ಲಿಸುತ್ತಾರೆ. ಇದನ್ನು ಗುರುತಿಸುವುದು ಹೇಗೆ? ದುಡ್ಡಿಲ್ಲದವರು, ಮರೆತವರು, ಕೇಳಿದ ಕೂಡಲೇ ಒಂದು ಕಾರಣ ಹೇಳುತ್ತಾರೆ, ಒಂದು ದಿನ ಹೇಳುತ್ತಾರೆ. ಅಸಮಾಧಾನ ಇರುವವರು ಮೆಸೇಜು ಓದಿಯೂ ಉತ್ತರ ಕೊಡುವುದಿಲ್ಲ, ದಾರಿಯಲ್ಲಿ ಸಿಕ್ಕರೆ ನಗು ತೆಳುವಾಗಿರುತ್ತದೆ. ಅಂಥವರಿಗೆ "ತೋಳು ಬಿಗಿ ಇದ್ರೆ ತಂದುಕೊಡಿ ಅಕ್ಕಾ, ಒಳಗೆ ಬಟ್ಟೆ ಬಿಟ್ಟಿದೀನಿ, ಬಿಚ್ಚಿ ಕೊಡ್ತೀನಿ" ಎಂದು ನಾವೇ ಹೇಳಿದರೆ ಬ್ಲೌಸೂ ಬರುತ್ತದೆ, ಅದರ ಹಿಂದೆ ಬಾಕಿಯೂ ಬರುತ್ತದೆ. ಈ ಮಾತನ್ನು ಮೊದಲ ವಾರದಲ್ಲಿ ಆಡಬೇಕು. ಎರಡು ತಿಂಗಳ ನಂತರ ಫಿಟ್ಟಿಂಗ್ ವಿಚಾರಿಸಿದರೆ, ಇಲ್ಲದ ದೂರನ್ನು ನಾವೇ ಹುಡುಕಿ ಕೊಟ್ಟಂತಾಗುತ್ತದೆ.

ಇನ್ನೊಂದು, "ಬಿಡುವಾದಾಗ ಹಾಕಿ", "ನಿಮ್ಮ ಅನುಕೂಲ ನೋಡ್ಕೊಂಡು" ಎಂದು ಬರೆಯದೆ ಶನಿವಾರ ಎಂದು ಬರೆದಿದ್ದನ್ನು ಗಮನಿಸಿ. ಅನುಕೂಲ ನೋಡಿಕೊಂಡು ಕೊಡುವ ದುಡ್ಡಿಗೆ ಅನುಕೂಲದ ದಿನ ಬರುವುದೇ ಇಲ್ಲ. "ತುಂಬಾ ಕಷ್ಟ ಇದೆ ಅಕ್ಕಾ, ಮಗನ ಫೀಸು ಕಟ್ಟಬೇಕು" ಎಂಬ ಮಾತನ್ನೂ ಮೊದಲ ನೆನಪಿನಲ್ಲಿ ಸೇರಿಸಬೇಡಿ. ಮಗನ ಫೀಸು ನಿಜವೇ ಇರಬಹುದು. ಆದರೆ ದುಡಿದ ಹಣ ಕೇಳಲು ಕಷ್ಟ ತೋಡಿಕೊಂಡರೆ, ಕೊಡುವವರಿಗೆ ತಾವು ಉಪಕಾರ ಮಾಡುತ್ತಿದ್ದೇವೆ ಅನ್ನಿಸತೊಡಗುತ್ತದೆ. ಅಷ್ಟೇ ಅಲ್ಲ, "ನಮಗೂ ಕಷ್ಟ ಇದೆಯಮ್ಮ" ಎಂದು ಅವರ ಕಷ್ಟವೂ ಹೊರಬರುತ್ತದೆ, ಅಲ್ಲಿಗೆ ಮಾತು ಬೇರೆ ದಾರಿ ಹಿಡಿಯುತ್ತದೆ.

ಶನಿವಾರ ದಾಟಿದರೆ ಎರಡನೆಯದು ಫೋನ್ ಕರೆ. ಮತ್ತೆ ಮೆಸೇಜು ಬೇಡ, ದನಿ ಕೇಳಿದಾಗ ಮನುಷ್ಯರು ಹೆಚ್ಚು ನೇರವಾಗಿ ಉತ್ತರ ಕೊಡುತ್ತಾರೆ. ಯಾವಾಗ ಮಾಡಬೇಕು ಎನ್ನುವುದು ಆ ಮನೆಗೆ ದುಡ್ಡು ಬರುವ ದಾರಿಯನ್ನು ನೋಡಿಕೊಂಡು. ನೌಕರಿಯವರಾದರೆ ತಿಂಗಳ ಮೊದಲ ವಾರ, ಹಾಲು ಹಾಕುವ ಮನೆಯಾದರೆ ಡೇರಿ ಬಟವಾಡೆಯ ಮರುದಿನ, ಕಬ್ಬು ಅಡಿಕೆ ಬೆಳೆಯುವವರಾದರೆ ಅವರ ಬಿಲ್ಲು ಬರುವ ಕಾಲ. ಊರಿನ ಟೈಲರಿಗೆ ಇದೆಲ್ಲ ತಿಳಿದೇ ಇರುತ್ತದೆ. ಫೋನಿನಲ್ಲಿ ತಾರೀಖನ್ನು ನಾವು ಹೇಳದೆ ಅವರಿಂದಲೇ ಹೇಳಿಸಬೇಕು. "ಯಾವತ್ತು ಆಗುತ್ತೆ ಅಂತ ನೀವೇ ಹೇಳಿ ಅಕ್ಕಾ, ನಾನು ಬರ್ಕೋತೀನಿ." ತಾವೇ ಹೇಳಿದ ದಿನವನ್ನು ಜನ ಅಷ್ಟು ಸುಲಭವಾಗಿ ಮುರಿಯುವುದಿಲ್ಲ. ಪೂರ್ತಿ ಆಗುವುದಿಲ್ಲ ಎಂದರೆ "ಈಗ ಐನೂರು ಹಾಕಿ, ಉಳಿದಿದ್ದು ಹತ್ತನೇ ತಾರೀಖು" ಎಂದು ಒಪ್ಪಿಕೊಳ್ಳುವುದೇ ಜಾಣತನ. ಐನೂರು ಬಂದರೆ ಬಾಕಿ ಇರುವುದನ್ನು ಅವರು ಒಪ್ಪಿದಂತಾಯಿತು, ಮುಂದೆ ಯಾವ ಬಾಕಿ ಎಂಬ ಪ್ರಶ್ನೆ ಏಳುವುದಿಲ್ಲ. ಫೋನ್ ಇಟ್ಟ ಕೂಡಲೇ ಒಂದು ಸಾಲು ಕಳಿಸಿ: "ಸರಿ ಅಕ್ಕಾ, 500 ಈಗ, 1,500 ಹತ್ತನೇ ತಾರೀಖು." ಹತ್ತನೇ ತಾರೀಖು ಬೆಳಿಗ್ಗೆ ಅದೇ ಸಾಲನ್ನು ಮತ್ತೆ ಕಳಿಸಿದರೆ ಸಾಕು, ಹೊಸ ಮಾತೇ ಬೇಡ.

ಮಾಡಬಾರದ್ದನ್ನೂ ಹೇಳಬೇಕು. ಗಿರಾಕಿಯ ಅತ್ತೆಗೆ, ಗಂಡನಿಗೆ, ಆಫೀಸಿಗೆ ಹೇಳುವುದು, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಎತ್ತುವುದು, ಹೆಸರು ಬರೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದು. ಇವುಗಳಿಂದ ದುಡ್ಡು ಬಂದದ್ದು ಕಡಿಮೆ, ಮಾನಹಾನಿ ಎಂದು ಗಿರಾಕಿಯೇ ತಿರುಗಿ ಬೀಳಲು ದಾರಿಯಾದದ್ದು ಹೆಚ್ಚು. ಗಂಡನಿಗೆ ತಿಳಿಯದಂತೆ ಆರಿ ವರ್ಕ್ ಹಾಕಿಸಿದ ಹೆಣ್ಣುಮಗಳ ಮನೆಯಲ್ಲಿ ಅದರಿಂದ ಏನಾಗಬಹುದು ಎಂಬುದನ್ನೂ ನೆನೆಯಬೇಕು. ಬಾಕಿಯ ಮಾತು ಬಾಕಿ ಇಟ್ಟವರ ಜೊತೆಗೆ ಮಾತ್ರ, ಅಂಗಡಿಯಲ್ಲಿ ಬೇರೆ ಗಿರಾಕಿ ಇಲ್ಲದ ಹೊತ್ತಿನಲ್ಲಿ.

ಎರಡು ಮೂರು ತಾರೀಖು ಮುರಿದವರ ಜೊತೆ ಗಟ್ಟಿಯಾಗಬೇಕು, ದನಿ ಏರಿಸದೆ. ಅವರು ಗೌರಿ ಹಬ್ಬಕ್ಕೆ ಹೊಸ ಬ್ಲೌಸು ಹಿಡಿದು ಬಂದಾಗ "ಹಳೇದು ಸಾವಿರದ ಐನೂರು ಇದೆ ಅಕ್ಕಾ, ಅದು ಚುಕ್ತಾ ಮಾಡಿ, ಇದನ್ನ ಹಬ್ಬಕ್ಕೆ ಮೊದಲೇ ಕೊಡ್ತೀನಿ. ಇದಕ್ಕೆ ಪೂರ್ತಿ ಮೊದಲೇ ಕೊಡಿ" ಅಂದರೆ ಸಾಕು. ಹಳೆಯ ಬಾಕಿ ಉಳಿಸಿಕೊಂಡೇ ಹೊಸ ಕೆಲಸ ಹಿಡಿದರೆ, ಹೊಸದಕ್ಕೆ ಕೊಟ್ಟ ದುಡ್ಡು ಹಳೆಯದಕ್ಕೋ ಹೊಸದಕ್ಕೋ ಎಂಬ ಗೊಂದಲ ಶುರುವಾಗಿ ಲೆಕ್ಕ ಶಾಶ್ವತವಾಗಿ ಕೆಡುತ್ತದೆ. ಬಂದದ್ದು ಯಾವ ಬಿಲ್ಲಿಗೆ ಎಂದು ಬರೆದುಕೊಂಡು ಅವರಿಗೂ ಹೇಳಬೇಕು.

ಕಾನೂನಿನ ದಾರಿ ಸಾವಿರದ ಐನೂರಕ್ಕೆ ಹಿಡಿಯುವಂಥದ್ದಲ್ಲ. ಆದರೆ ಬಾಕಿ ಹತ್ತು ಇಪ್ಪತ್ತು ಸಾವಿರದಷ್ಟಾದರೆ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಡಬಹುದು. ಕೇಸು ಹಾಕುವ ಮೊದಲೇ ಲೋಕ ಅದಾಲತ್ತಿನ ಮುಂದೆ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ಅವಕಾಶವಿದೆ, ಅದಕ್ಕೆ ಕೋರ್ಟ್ ಫೀ ಇಲ್ಲ. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವೇ ಇರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಕೊಡುವ ದಿನ ಗೊತ್ತುಮಾಡಿರದ ಕೆಲಸದ ಕೂಲಿಗೆ ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು, ಆಮೇಲೆ ಕೋರ್ಟು ಕೇಳುವುದಿಲ್ಲ. ಆಗ ಕೈಹಿಡಿಯುವುದು ಅದೇ ಬಿಲ್ ಬುಕ್ಕು ಮತ್ತು ವಾಟ್ಸಾಪಿನ ಆ ಒಂದೊಂದು ಸಾಲು.

ಬೊಟಿಕ್‌ಗಳಿಗೆ ಪೀಸಿಗಿಷ್ಟು ಎಂದು ಹೊಲಿದುಕೊಡುವವರ ಸ್ಥಿತಿ ಇನ್ನೂ ಕಠಿಣ. ಅಲ್ಲಿ ಬಾಕಿ ಉಳಿಸುವವರು ಮನೆಯವರಲ್ಲ, ವ್ಯಾಪಾರಸ್ಥರು, ಮೊತ್ತವೂ ತಿಂಗಳ ಮೇಲೆ ತಿಂಗಳು ಬೆಳೆಯುತ್ತದೆ. ಅಂಥವರು ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಂಡಿರುವುದು ಒಳ್ಳೆಯದು. ಅದಕ್ಕೆ ಆಧಾರ್, ಪ್ಯಾನ್ ಬೇಕು, ಶುಲ್ಕವಿಲ್ಲ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಕಾಯ್ದೆಯಂತೆ, ಬರವಣಿಗೆಯಲ್ಲಿ ಅವಧಿ ಗೊತ್ತುಮಾಡಿದ್ದರೂ ಖರೀದಿದಾರರು 45 ದಿನ ಮೀರುವಂತಿಲ್ಲ, ಮೀರಿದರೆ ಚಕ್ರಬಡ್ಡಿ ಸೇರಿಸಿ ಕೊಡಬೇಕು. ಸಂದಾಯವಾಗದ ಹಣದ ದೂರು ಕೇಳಲೆಂದೇ ರಾಜ್ಯದಲ್ಲಿ ಮಂಡಳಿಯೂ ಇದೆ. ಈ ನೋಂದಣಿಯನ್ನು ಜಗಳ ಬಂದ ಮೇಲೆ ಮಾಡಿಸಿದರೆ ವಾದಕ್ಕೆ ಎಡೆಯಾಗುತ್ತದೆ, ಕೆಲಸ ಹಿಡಿಯುವ ಮೊದಲೇ ಇರಬೇಕು. ಬೊಟಿಕ್‌ನವರು ಸಾಮಾನ್ಯವಾಗಿ ಪೀಸುಗಳನ್ನು ಎಣಿಸಿ ಇಸ್ಕೊಂಡು ಚೀಟಿ ಕೊಡುವುದಿಲ್ಲ. ಎಷ್ಟು ಪೀಸು, ಯಾವ ದಿನ, ದರ ಎಷ್ಟು ಎಂದು ಒಪ್ಪಿಸಿದ ದಿನವೇ ಮೆಸೇಜು ಕಳಿಸಿಡಬೇಕು. ಹಿಂದಿನ ಲಾಟಿನ ಹಣ ಬಂದ ಮೇಲೆ ಮುಂದಿನ ಲಾಟು ಕತ್ತರಿಸುವುದು ಎಂಬ ಕಟ್ಟುಪಾಡನ್ನು ಮೊದಲ ವಾರದಿಂದಲೇ ಹಾಕಿಕೊಂಡವರಿಗೆ ಗರಿಷ್ಠ ಎಂದರೆ ಒಂದು ಲಾಟಿನ ನಷ್ಟ. ಅದನ್ನು ನಾಲ್ಕನೇ ತಿಂಗಳಲ್ಲಿ ಹೇಳಲು ಹೋದವರಿಗೆ, ಬರಬೇಕಾದ ಹಣ ಕೈತಪ್ಪುತ್ತದೆಂಬ ಭಯದಲ್ಲೇ ಐದನೇ ತಿಂಗಳ ಕೆಲಸವನ್ನೂ ಮಾಡಿಕೊಡಬೇಕಾಗುತ್ತದೆ.